ಖಾತೆ ಪುಸ್ತಕದಿಂದ ಟ್ಯಾಲಿಗೆ: ಕೊಡಗಿನ ಸಣ್ಣ ವ್ಯಾಪಾರಕ್ಕೆ ಲೆಡ್ಜರ್ ಪಟ್ಟಿ ಮಾಡುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು ಕಡೆಯ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಪುಸ್ತಕದಲ್ಲಿದ್ದ ಲೆಕ್ಕವನ್ನು ಕಂಪ್ಯೂಟರಿಗೆ ಹಾಕುವಾಗ ಎಲ್ಲರೂ ಹೆಚ್ಚು ಕಡಿಮೆ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಫೋನಿನಲ್ಲಿ, ಅಂಗಡಿಯ ಗಲ್ಲಾದ ಪಕ್ಕ ಕೂತು, ಚೀಟಿಯಲ್ಲಿ ಬರೆದು ಕೇಳಿದ ಆ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗೆ ಉದ್ದಕ್ಕೂ ಒಂದೇ ವ್ಯಾಪಾರ ಇಟ್ಟುಕೊಂಡಿದ್ದೇನೆ. ಕಾಫಿ ಹುರಿದು ಪುಡಿ ಮಾಡಿ ಮಾರುವ ಅಂಗಡಿ, ಜೊತೆಗೆ ಕರಿಮೆಣಸು ಮತ್ತು ಜೇನು, ಪಕ್ಕದಲ್ಲೇ ಮೂರು ಕೋಣೆಯ ಹೋಂಸ್ಟೇ. ನಮ್ಮ ಕಡೆ ಇಂಥ ವ್ಯಾಪಾರ ಜಾಸ್ತಿ. ಉದಾಹರಣೆಯ ಮೊತ್ತಗಳು ಲೆಕ್ಕ ಸುಲಭವಾಗಿ ಅರ್ಥವಾಗಲಿ ಅಂತ ಹಾಕಿದವು. ಸಾಫ್ಟ್‌ವೇರ್ ಟ್ಯಾಲಿಪ್ರೈಮ್ ಅಂತ ಇಟ್ಟುಕೊಳ್ಳೋಣ.

## ಶುರು ಮಾಡುವವರಿಗೆ

ಚಾರ್ಟ್ ಆಫ್ ಅಕೌಂಟ್ಸ್ ಅಂದ್ರೆ ಏನು? ನಮ್ಮ ಪುಸ್ತಕದ ಹೆಡ್‌ಗಳೇ ಅಲ್ವಾ?

ಹೌದು, ಮೂಲದಲ್ಲಿ ಅದೇ. ದುಡ್ಡು ಬಂದಾಗ, ಹೋದಾಗ ಯಾವ ಹೆಸರಿನ ಕೆಳಗೆ ಬರೆಯಬೇಕು ಅನ್ನುವ ಪಟ್ಟಿ. ವ್ಯತ್ಯಾಸ ಇರುವುದು ಒಂದು ಕಡೆ. ಪುಸ್ತಕದಲ್ಲಿ ಹೆಡ್ ಅಂದರೆ ಒಂದು ಪುಟ, ಅಷ್ಟೇ. ಆ ಪುಟ ಲಾಭ ನಷ್ಟಕ್ಕೆ ಹೋಗಬೇಕೋ, ಆಸ್ತಿ ಪಟ್ಟಿಗೆ ಹೋಗಬೇಕೋ ಅನ್ನುವುದನ್ನು ವರ್ಷದ ಕೊನೆಗೆ ಆಡಿಟರ್ ನೋಡಿ ತೀರ್ಮಾನ ಮಾಡುತ್ತಿದ್ದರು. ಸಾಫ್ಟ್‌ವೇರಿನಲ್ಲಿ ಆ ಪುಟಕ್ಕೇ ಲೆಡ್ಜರ್ ಅನ್ನುತ್ತಾರೆ. ಅದನ್ನು ತೆರೆಯುವ ಹೊತ್ತಿಗೇ ಅದು ಯಾವ ಗ್ರೂಪಿಗೆ ಸೇರಿದ್ದು ಅಂತ ನೀವೇ ಹೇಳಬೇಕು. ಅಲ್ಲಿ ತಪ್ಪಿದರೆ ನಮೂದು ಎಲ್ಲಾ ಸರಿ ಇದ್ದರೂ ಲಾಭದ ಅಂಕಿ ತಪ್ಪು ಬರುತ್ತದೆ.

ಹೊಸ ಗೀಸರ್ ತಂದಿರಿ ಅಂತ ಇಟ್ಟುಕೊಳ್ಳಿ. ಅದನ್ನು ರಿಪೇರಿ ಖರ್ಚಿನ ಲೆಡ್ಜರಿಗೆ ಹಾಕಿದರೆ ಅಷ್ಟೂ ದುಡ್ಡು ಈ ವರ್ಷದ ಲಾಭದಿಂದ ಕಳೆಯುತ್ತದೆ. ಆಸ್ತಿಯ ಲೆಡ್ಜರಿಗೆ ಹಾಕಿದರೆ ಸವಕಳಿ ಮಾತ್ರ ಕಳೆಯುತ್ತದೆ. ಬಿಲ್ ಒಂದೇ, ಮೊತ್ತ ಒಂದೇ, ಬಂದ ಲಾಭ ಮಾತ್ರ ಬೇರೆ.

ಟ್ಯಾಲಿಯಲ್ಲಿ ಆಗಲೇ ಗ್ರೂಪ್‌ಗಳು ಇವೆಯಲ್ಲ, ನಾವು ಮತ್ತೆ ಏನು ಮಾಡಬೇಕು?

ಟ್ಯಾಲಿ 28 ಗ್ರೂಪ್‌ಗಳನ್ನು ತಾನೇ ಕೊಡುತ್ತದೆ. ಅದರಲ್ಲಿ 15 ಮುಖ್ಯ ಗ್ರೂಪ್, 13 ಅವುಗಳ ಒಳಗಿನವು. ಲೆಡ್ಜರ್ ಮಾತ್ರ ಎರಡೇ: `Cash` ಮತ್ತು `Profit & Loss A/c`. ಅಂದರೆ ಕಪಾಟು ಸಿದ್ಧ ಇದೆ, ಡಬ್ಬಿಗಳನ್ನು ನೀವು ಇಡಬೇಕು. ಸಣ್ಣ ವ್ಯಾಪಾರಕ್ಕೆ ಹೊಸ ಗ್ರೂಪ್ ಬೇಕಾಗುವುದೇ ಅಪರೂಪ. ಮೊದಲ ವರ್ಷ ಒಂದೂ ಹೊಸ ಗ್ರೂಪ್ ಮಾಡಬೇಡಿ ಅಂತಲೇ ನಾನು ಹೇಳುವುದು.

ನಮ್ಮ ಉದಾಹರಣೆಯ ಅಂಗಡಿಗೆ ನಾನು ಇಡುವ ಪಟ್ಟಿಯ ಒಂದು ತುಂಡು ಹೀಗಿರುತ್ತದೆ:

```
Sales Accounts       ಕಾಫಿ ಪುಡಿ ಮಾರಾಟ
                     ಮೆಣಸು-ಜೇನು ಮಾರಾಟ
Direct Incomes       ಕೋಣೆ ಬಾಡಿಗೆ
                     ಊಟ-ತಿಂಡಿ ಆದಾಯ
Direct Expenses      ಹುರಿಯುವ ಗ್ಯಾಸ್-ಸೌದೆ
                     ಹುರಿಯುವವರ ಕೂಲಿ
Indirect Expenses    ಅಂಗಡಿ ಬಾಡಿಗೆ
                     ವಿದ್ಯುತ್
                     ಬುಕಿಂಗ್ ಕಮಿಷನ್
Current Liabilities  ಅತಿಥಿಗಳ ಮುಂಗಡ
Capital Account      ಮಾಲೀಕರ ಮನೆ ಖರ್ಚು
```

ಕೋಣೆ ಬಾಡಿಗೆಯನ್ನು `Indirect Incomes` ಅಡಿಯಲ್ಲಿ ಹಾಕುವವರು ಬಹಳ. ಅದು ಬ್ಯಾಂಕ್ ಬಡ್ಡಿಯಂಥ ಆಕಸ್ಮಿಕ ಆದಾಯಕ್ಕೆ ಇರುವ ಜಾಗ. ಹೋಂಸ್ಟೇ ನಿಮ್ಮ ನಿಜವಾದ ವ್ಯಾಪಾರ ಆಗಿದ್ದರೆ ಅದರ ಬಾಡಿಗೆ ಅಲ್ಲಿ ಹೋಗಿ ಕೂರಬಾರದು.

ಹಳೆ ಪುಸ್ತಕದ ಹೆಡ್‌ಗಳನ್ನ ಹಾಗೇ ಟೈಪ್ ಮಾಡಿದ್ರೆ ಆಗಲ್ವಾ?

ಆಗುತ್ತದೆ, ಆದರೆ ಆರು ತಿಂಗಳಲ್ಲಿ ಕಷ್ಟ ಶುರುವಾಗುತ್ತದೆ. ನಾನು ಮೊದಮೊದಲು ಹಾಗೇ ಮಾಡಿದ್ದೆ. ಒಂದು ಅಂಗಡಿಯ ಉದ್ದ ಪುಸ್ತಕದಲ್ಲಿ ನೂರಕ್ಕೂ ಜಾಸ್ತಿ ಹೆಡ್ ಇದ್ದವು. ಅದನ್ನು ಬರೆಯುತ್ತಿದ್ದವರು ತೋಟದ ರೈಟರ್ ಆಗಿ ಕೆಲಸ ಮಾಡಿದ ಹಿರಿಯರು. ಅಕ್ಷರ ಮುತ್ತಿನಂತೆ, ಒಂದು ಕಡೆ ಚಿತ್ತಿಲ್ಲ. ಹೆಡ್‌ಗಳು ಹೀಗಿದ್ದವು: ‘ಅಂಗಡಿ ಕರೆಂಟ್’, ‘ಹೋಂಸ್ಟೇ ಕರೆಂಟ್’, ‘ಕಾಫಿ ಪುಡಿ 250 ಗ್ರಾಂ ಮಾರಾಟ’, ‘ಕಾಫಿ ಪುಡಿ 500 ಗ್ರಾಂ ಮಾರಾಟ’, ‘ಕುಶಾಲನಗರದ ಅಂಗಡಿಗೆ ಪುಡಿ ಮಾರಾಟ’.

ಆ ಹೆಸರುಗಳನ್ನು ಒಮ್ಮೆ ಬಿಡಿಸಿ ನೋಡಿ. ಒಂದೊಂದು ಹೆಡ್ಡಿನಲ್ಲಿ ಎರಡು ಮೂರು ಪ್ರಶ್ನೆಗೆ ಉತ್ತರ ಸೇರಿಕೊಂಡಿದೆ. ಏನು ಖರ್ಚು, ಎಲ್ಲಿ ಆಯಿತು, ಯಾವ ಸರಕು, ಯಾರಿಗೆ. ಪುಸ್ತಕದಲ್ಲಿ ಬೇರೆ ದಾರಿ ಇರಲಿಲ್ಲ, ಎಲ್ಲವನ್ನೂ ಪುಟದ ಹೆಸರಿಗೇ ಸೇರಿಸಬೇಕಿತ್ತು. ಸಾಫ್ಟ್‌ವೇರಿನಲ್ಲಿ ನಾಲ್ಕಕ್ಕೂ ಬೇರೆ ಬೇರೆ ಜಾಗ ಇದೆ. ‘ಏನು’ ಅನ್ನುವುದಕ್ಕೆ ಲೆಡ್ಜರ್. ‘ಎಲ್ಲಿ’ ಅನ್ನುವುದಕ್ಕೆ ಕಾಸ್ಟ್ ಸೆಂಟರ್. ‘ಯಾವ ಸರಕು’ ಅನ್ನುವುದಕ್ಕೆ ಸ್ಟಾಕ್ ಐಟಂ. ‘ಯಾರು’ ಅನ್ನುವುದಕ್ಕೆ ಪಾರ್ಟಿಯ ಖಾತೆ.

ಹಾಗೆ ಬಿಡಿಸಿದಾಗ ಎರಡು ಕರೆಂಟ್ ಹೆಡ್ ಸೇರಿ ‘ವಿದ್ಯುತ್’ ಅಂತ ಒಂದೇ ಲೆಡ್ಜರ್ ಆಯಿತು. 250 ಗ್ರಾಂ, 500 ಗ್ರಾಂ ಪ್ಯಾಕೆಟ್ಟುಗಳು ಸ್ಟಾಕ್ ಐಟಂ ಆದವು. ಕುಶಾಲನಗರದ ಅಂಗಡಿ, ನಮಗೆ ದುಡ್ಡು ಕೊಡಬೇಕಾದವರ ಗ್ರೂಪ್ ಆದ `Sundry Debtors` ಅಡಿಯಲ್ಲಿ, ಒಂದು ಪಾರ್ಟಿ ಆಯಿತು. ಪಾರ್ಟಿಗಳನ್ನು ಬಿಟ್ಟರೆ ಐವತ್ತರ ಒಳಗೆ ಲೆಡ್ಜರ್ ಉಳಿದವು. ಯಾವ ಮಾಹಿತಿಯೂ ಕಳೆದುಹೋಗಲಿಲ್ಲ.

ಒಂದು ಲೆಡ್ಜರ್ ಬೇಕೋ ಬೇಡ್ವೋ ಅಂತ ಹೇಗೆ ತೀರ್ಮಾನ ಮಾಡೋದು?

ನಾನು ಎರಡು ಮಾತು ಕೇಳುತ್ತೇನೆ. ಈ ಮೊತ್ತ ಬೇರೆಯಾಗಿ ಕಂಡರೆ ನೀವು ಏನಾದರೂ ಬೇರೆ ಮಾಡುತ್ತೀರಾ? ಅಥವಾ ತೆರಿಗೆ ಕಾನೂನು ಇದನ್ನು ಬೇರೆಯಾಗಿ ಕೇಳುತ್ತದಾ? ಎರಡಕ್ಕೂ ಇಲ್ಲ ಅಂತಾದರೆ ಲೆಡ್ಜರ್ ಬೇಡ.

ಒಬ್ಬ ಅಕ್ಕ ‘ಪೊರಕೆ’, ‘ಫಿನಾಯಿಲ್’, ‘ಸೋಪು’ ಮೂರಕ್ಕೂ ಬೇರೆ ಲೆಡ್ಜರ್ ಇಟ್ಟಿದ್ದರು. ಫಿನಾಯಿಲ್ ಖರ್ಚು ಜಾಸ್ತಿ ಆದರೆ ಏನು ಮಾಡ್ತೀರಿ ಅಂತ ಕೇಳಿದೆ. ಏನೂ ಮಾಡಲ್ಲ ಅಂದರು. ಮೂರೂ ಸೇರಿ ‘ಸ್ವಚ್ಛತೆ ಸಾಮಾನು’ ಆಯಿತು. ಅದೇ ಅವರು ಹುರಿಯುವ ಗ್ಯಾಸನ್ನೂ ಅಡಿಗೆಮನೆ ಗ್ಯಾಸನ್ನೂ ಒಂದೇ ಲೆಡ್ಜರಿನಲ್ಲಿ ಇಟ್ಟಿದ್ದರು. ಅದನ್ನು ಒಡೆಯಲೇಬೇಕು. ಒಂದು ಕಾಫಿ ಪುಡಿಯ ಅಸಲಿಗೆ ಸೇರುತ್ತದೆ, ಇನ್ನೊಂದು ಅತಿಥಿಗಳ ಊಟಕ್ಕೆ. ಪುಡಿಯ ಬೆಲೆ ಇಡುವುದು ಆ ಮೊದಲಿನ ಅಂಕಿಯಿಂದಲೇ.

## ದಿನದ ವ್ಯವಹಾರದಲ್ಲಿ ಎದುರಾಗುವವು

ಡೈರೆಕ್ಟ್ ಖರ್ಚು, ಇನ್‌ಡೈರೆಕ್ಟ್ ಖರ್ಚು ಯಾವುದು ಯಾವುದಕ್ಕೆ?

ಸರಕು ತಯಾರಾಗಲು ನೇರವಾಗಿ ಬೇಕಾದದ್ದು ಡೈರೆಕ್ಟ್. ಅಂಗಡಿ ಬಾಗಿಲು ತೆರೆದಿಡಲು ಬೇಕಾದದ್ದು ಇನ್‌ಡೈರೆಕ್ಟ್. ಹುರಿಯುವ ಗ್ಯಾಸ್, ಸೌದೆ, ಹುರಿಯುವವರ ಕೂಲಿ ಡೈರೆಕ್ಟ್. ಅಂಗಡಿ ಬಾಡಿಗೆ, ಫೋನ್, ಆಡಿಟರ್ ಫೀಸ್ ಇನ್‌ಡೈರೆಕ್ಟ್. ಮಾರಾಟದಿಂದ ಸರಕಿನ ಅಸಲು ಮಾತ್ರ ಕಳೆದು ಉಳಿಯುವುದು ಗ್ರಾಸ್ ಲಾಭ. `Direct Expenses` ಗ್ರೂಪಿನದು ಅದಕ್ಕೆ ಮೊದಲೇ ಕಳೆಯುತ್ತದೆ. ಹಾಗಾಗಿ ಅಲ್ಲಿ ಸೇರಬಾರದ್ದು ಸೇರಿದರೆ ಗ್ರಾಸ್ ಲಾಭ ಕುಣಿಯುತ್ತದೆ.

ಒಂದು ಅಂಗಡಿಯಲ್ಲಿ ಜುಲೈ ತಿಂಗಳ ಗ್ರಾಸ್ ಲಾಭ ಇದ್ದಕ್ಕಿದ್ದಂತೆ ಇಳಿದಿತ್ತು. ಕಾಫಿ ಬೆಲೆ ಏರಿದೆ ಅಂತ ಮಾಲೀಕರು ಪುಡಿಯ ರೇಟ್ ಏರಿಸಲು ಹೊರಟಿದ್ದರು. ಲೆಡ್ಜರ್ ತೆಗೆದು ನೋಡಿದರೆ ಜನರೇಟರ್ ಡೀಸೆಲ್ `Direct Expenses`ನಲ್ಲಿ ಇತ್ತು. ಮಳೆಗಾಲ, ದಿನಗಟ್ಟಲೆ ಕರೆಂಟ್ ಇಲ್ಲ, ಕೋಣೆಗಳಿಗೆ ರಾತ್ರಿಯೆಲ್ಲ ಜನರೇಟರ್ ಓಡಿತ್ತು. ಕಾಫಿಗೂ ಆ ಡೀಸೆಲ್‌ಗೂ ಸಂಬಂಧವೇ ಇರಲಿಲ್ಲ. ಕೊಳ್ಳುವ ಬೆಲೆ, ಮಾರುವ ಬೆಲೆ ಬದಲಾಗದೆ ಗ್ರಾಸ್ ಲಾಭದ ಶೇಕಡಾವಾರು ತಿಂಗಳಿಂದ ತಿಂಗಳಿಗೆ ಏರಿಳಿದರೆ ಮೊದಲು ಈ ಗ್ರೂಪನ್ನೇ ನೋಡಿ.

ಅಂಗಡಿ, ಹೋಂಸ್ಟೇ ಎರಡೂ ಇದೆ. ಟ್ಯಾಲಿಯಲ್ಲಿ ಎರಡು ಕಂಪನಿ ಮಾಡ್ಬೇಕಾ?

ಮಾಲೀಕರು ಒಬ್ಬರೇ, ಜಿಎಸ್‌ಟಿ ನಂಬರ್ ಒಂದೇ ಆಗಿದ್ದರೆ ಒಂದೇ ಕಂಪನಿ ಸಾಕು. ಎರಡು ಮಾಡಿದರೆ ಬ್ಯಾಂಕ್ ಖಾತೆ ಒಂದೇ ಇರುವುದರಿಂದ ದಿನಾ ಈ ಕಂಪನಿಯಿಂದ ಆ ಕಂಪನಿಗೆ ನಮೂದು ಹಾಕುತ್ತಾ ಕೂರಬೇಕಾಗುತ್ತದೆ. ಅದರ ಬದಲು `F11` ಒತ್ತಿ `Enable Cost Centres` ಅನ್ನುವಲ್ಲಿ `Yes` ಕೊಡಿ. ಆಮೇಲೆ ಮೂರು ಸೆಂಟರ್ ಮಾಡಿ: ‘ಅಂಗಡಿ’, ‘ಹೋಂಸ್ಟೇ’, ‘ಎರಡಕ್ಕೂ’.

ಮೂರನೆಯದು ಯಾಕೆ ಅಂತ ಕೇಳುತ್ತಾರೆ. ಇದರ ಹಿಂದೆ ಜಿಎಸ್‌ಟಿ ಇದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ತೆರಿಗೆ ಶೇ. 5, ಆದರೆ ಆ ಸೇವೆಗಾಗಿ ಕೊಂಡದ್ದರ ಮೇಲೆ ಕೊಟ್ಟ ತೆರಿಗೆಯನ್ನು, ಅಂದರೆ ಇನ್‌ಪುಟ್ ತೆರಿಗೆಯನ್ನು, ಹಿಂದಕ್ಕೆ ಪಡೆಯುವ ಹಾಗಿಲ್ಲ. ಕಾಫಿ ಪುಡಿಗೂ ಶೇ. 5 ಇದೆ, ಆದರೆ ಅದಕ್ಕೆ ಇನ್‌ಪುಟ್ ಸಿಗುತ್ತದೆ. ಅಂದರೆ ಒಂದೇ ಅಂಗಡಿಗೆ ಬಂದ ಎರಡು ಬಿಲ್ಲುಗಳ ತೆರಿಗೆಯನ್ನು ಎರಡು ರೀತಿ ಬರೆಯಬೇಕು.

ಕೋಣೆಗೆ 8,000 ರೂಪಾಯಿಯ ಗೀಸರ್ ತಂದಿರಿ, ಶೇ. 18ರಂತೆ ಜಿಎಸ್‌ಟಿ 1,440. ಆ 1,440 ನಿಮಗೆ ವಾಪಸ್ ಸಿಗುವುದಿಲ್ಲ. ಹಾಗಾಗಿ ಪೂರ್ತಿ 9,440 ಆಸ್ತಿಯ ಲೆಡ್ಜರಿಗೆ ಹೋಗಬೇಕು. ಅದೇ 8,000 ರೂಪಾಯಿಯ ಸೀಲಿಂಗ್ ಮಿಷನ್ ಅಂಗಡಿಗೆ ತಂದಿದ್ದರೆ 8,000 ಆಸ್ತಿಗೆ, 1,440 `Duties & Taxes` ಅಡಿಯ ಇನ್‌ಪುಟ್ ಲೆಡ್ಜರುಗಳಿಗೆ. ಇಂಟರ್‌ನೆಟ್ ಬಿಲ್, ಆಡಿಟರ್ ಫೀಸ್ ಎರಡಕ್ಕೂ ಸೇರಿದ್ದು. ಅವುಗಳ ಇನ್‌ಪುಟ್‌ನಲ್ಲಿ ಹೋಂಸ್ಟೇ ಪಾಲಿನಷ್ಟನ್ನು ಬಿಟ್ಟುಕೊಡಬೇಕು. ‘ಎರಡಕ್ಕೂ’ ಅಂತ ಗುರುತು ಇದ್ದರೆ ತಿಂಗಳ ಕೊನೆಗೆ ಆ ಲೆಕ್ಕ ಮಾಡಲು ಬಿಲ್ಲುಗಳನ್ನು ಹುಡುಕಬೇಕಾಗಿಲ್ಲ. ದರಗಳು ಬದಲಾಗುತ್ತಿರುತ್ತವೆ, ಪಟ್ಟಿ ಮಾಡುವ ದಿನದ ದರ ಯಾವುದು ಅಂತ ನಿಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಕಾಫಿ ಹುರಿದಾಗ ತೂಕ ಕಡಿಮೆ ಆಗುತ್ತಲ್ಲ, ಆ ನಷ್ಟಕ್ಕೆ ಒಂದು ಲೆಡ್ಜರ್ ಬೇಡ್ವಾ?

ಬೇಡ. ಹುರಿದಾಗ ನೀರಿನಂಶ ಹೋಗಿ ತೂಕ ಇಳಿಯುವುದು ಮಾಮೂಲಿ, ಅದು ನಷ್ಟ ಅಲ್ಲ. ಇಳಿದ ತೂಕದ ದುಡ್ಡು ಉಳಿದ ಕಾಫಿಯ ಮೇಲೆ ಬೀಳಬೇಕು. ಕಿಲೋಗೆ 400ರಂತೆ 100 ಕಿಲೋ ಬೀಜ ಹಾಕಿದಿರಿ, 40,000 ರೂಪಾಯಿ. ಹುರಿದ ಮೇಲೆ 83 ಕಿಲೋ ಬಂತು. 40,000ವನ್ನು 83ರಿಂದ ಭಾಗಿಸಿದರೆ ಕಿಲೋಗೆ ಸುಮಾರು 482. ಇದು ಹುರಿದ ಬೀಜದ ಅಸಲು, ಗ್ಯಾಸು, ಕೂಲಿ ಇನ್ನೂ ಸೇರಿಲ್ಲ.

ಟ್ಯಾಲಿಯಲ್ಲಿ ಇದನ್ನು `Stock Journal`ನಲ್ಲಿ ಹಾಕಬೇಕು, `Alt+F7`. ಒಂದು ಕಡೆ 100 ಕಿಲೋ ಹಸಿ ಬೀಜ ಹೊರಗೆ, ಇನ್ನೊಂದು ಕಡೆ 83 ಕಿಲೋ ಹುರಿದ ಬೀಜ ಒಳಗೆ, ಎರಡೂ ಕಡೆ ಮೊತ್ತ 40,000. ‘ಹುರಿದ ನಷ್ಟ’ ಅಂತ ಖರ್ಚಿನ ಲೆಡ್ಜರ್ ಮಾಡಿ 17 ಕಿಲೋದ 6,800 ರೂಪಾಯಿಯನ್ನು ಅಲ್ಲಿ ತಳ್ಳಿದರೆ ಪುಡಿಯ ಅಸಲು ಕಿಲೋಗೆ 400 ಅಂತಲೇ ಕಾಣುತ್ತದೆ. ಅದನ್ನು ನಂಬಿ ಹೋಲ್‌ಸೇಲ್ ರೇಟ್ ಇಟ್ಟವರು ಕಿಲೋಗೆ 82 ರೂಪಾಯಿ ಕೈಯಿಂದ ಹಾಕಿದ ಹಾಗೆ. ಒಂದು ಸಲ ಡ್ರಮ್ಮಿನಲ್ಲಿ ಸೀದು ಹೋಗಿ ಎಸೆದರೆ ಆ ಮಾತು ಬೇರೆ. ಅದು ಮಾಮೂಲಿ ಅಲ್ಲ, ಅದಕ್ಕೆ ‘ಹಾಳಾದ ಸರಕು’ ಅಂತ ಒಂದು ಲೆಡ್ಜರ್ ಇರಲಿ.

ಮೇ ತಿಂಗಳ ರೂಮಿಗೆ ಮಾರ್ಚ್‌ನಲ್ಲೇ ಅಡ್ವಾನ್ಸ್ ಬರುತ್ತೆ. ಅದು ಆದಾಯ ತಾನೇ?

ಅಲ್ಲ. ಅತಿಥಿ ಬಂದು ಇರುವವರೆಗೆ ಅದು ನೀವು ಅವರಿಗೆ ಕೊಡಬೇಕಾದ ಬಾಕಿ. ‘ಅತಿಥಿಗಳ ಮುಂಗಡ’ ಲೆಡ್ಜರನ್ನು `Current Liabilities` ಅಡಿಯಲ್ಲಿ ಇಡಿ. ಅವರು ಹೊರಟ ದಿನ ಬಿಲ್ ಮಾಡಿ ಅಲ್ಲಿಂದ ‘ಕೋಣೆ ಬಾಡಿಗೆ’ಗೆ ತಿರುಗಿಸಿ. ಮಾರ್ಚ್ 31ಕ್ಕೆ ಈ ಲೆಡ್ಜರಿನಲ್ಲಿ ಉಳಿದ ಮೊತ್ತವೂ, ಬುಕಿಂಗ್ ಡೈರಿಯಲ್ಲಿ ಮುಂದಿನ ತಿಂಗಳುಗಳಿಗೆ ಬರೆದಿಟ್ಟ ಅಡ್ವಾನ್ಸ್‌ಗಳ ಮೊತ್ತವೂ ಒಂದೇ ಇರಬೇಕು. ಇಲ್ಲದಿದ್ದರೆ ಯಾರದೋ ಬಿಲ್ ಮಾಡಿಲ್ಲ ಅಂತ ಅರ್ಥ.

ಬುಕಿಂಗ್ ಸೈಟ್‌ನವರು ಕಮಿಷನ್ ಹಿಡ್ಕೊಂಡು ಉಳಿದದ್ದು ಹಾಕ್ತಾರೆ. ಬ್ಯಾಂಕಿಗೆ ಬಂದಷ್ಟು ಬರೆದ್ರೆ ಸಾಕಲ್ವಾ?

ಸಾಲದು. ಕೋಣೆ ಬಾಡಿಗೆ 8,000, ಕಮಿಷನ್ 1,200, ಬ್ಯಾಂಕಿಗೆ ಬಂದದ್ದು 6,800 ಅಂತ ಇಟ್ಟುಕೊಳ್ಳಿ. ತೆರಿಗೆ ಕಡಿತಗಳನ್ನು ಸದ್ಯಕ್ಕೆ ಬಿಡೋಣ. 6,800 ಮಾತ್ರ ಬರೆದರೆ ನಿಮ್ಮ ವಹಿವಾಟು ಕಡಿಮೆ ಕಾಣುತ್ತದೆ, ಸೈಟ್‌ನವರು ಸರ್ಕಾರಕ್ಕೆ ಕೊಟ್ಟ ಲೆಕ್ಕಕ್ಕೆ ತಾಳೆ ಆಗುವುದಿಲ್ಲ. ಕಮಿಷನ್ ವರ್ಷಕ್ಕೆ ಎಷ್ಟು ಹೋಯಿತು ಅನ್ನುವುದು ನಿಮಗೇ ಗೊತ್ತಾಗುವುದಿಲ್ಲ.

ಆ ಸೈಟಿನ ಹೆಸರಲ್ಲಿ `Sundry Debtors` ಅಡಿ ಒಂದು ಪಾರ್ಟಿ ತೆರೆಯಿರಿ. ಅತಿಥಿ ಹೊರಟ ದಿನ ಆ ಪಾರ್ಟಿಯ ಮೇಲೆ 8,000 ಬಿಲ್. ದುಡ್ಡು ಬಂದ ದಿನ ಬ್ಯಾಂಕಿಗೆ 6,800, ಬುಕಿಂಗ್ ಕಮಿಷನ್ ಲೆಡ್ಜರಿಗೆ 1,200. ಆಗ ಪಾರ್ಟಿಯ ಬಾಕಿ ಸೊನ್ನೆ. ಬಾಕಿ ಸೊನ್ನೆಯಾಗದೆ ಉಳಿದರೆ ಒಂದೋ ದುಡ್ಡು ಬಂದಿಲ್ಲ, ಇಲ್ಲವೇ ಅವರು ಬೇರೇನೋ ಹಿಡಿದುಕೊಂಡಿದ್ದಾರೆ. ಟಿಡಿಎಸ್ ಹಿಡಿದಿದ್ದರೆ ಅದು ಖರ್ಚಲ್ಲ, ನಿಮ್ಮ ಹೆಸರಲ್ಲಿ ಕಟ್ಟಿದ ತೆರಿಗೆ. ಅದಕ್ಕೆ `Loans & Advances (Asset)` ಅಡಿಯಲ್ಲಿ ಬೇರೆ ಲೆಡ್ಜರ್ ಬೇಕು.

ಅಂಗಡಿ ಗಲ್ಲಾದಿಂದ ಮನೆಗೆ ತರಕಾರಿ ತರ್ತೀವಿ, ಮಕ್ಕಳ ಫೀಸ್ ಕಟ್ತೀವಿ. ಎಲ್ಲಿ ಹಾಕೋದು?

`Capital Account` ಅಡಿಯಲ್ಲಿ ‘ಮಾಲೀಕರ ಮನೆ ಖರ್ಚು’ ಅಂತ ಒಂದೇ ಲೆಡ್ಜರ್. ತರಕಾರಿ, ಫೀಸು, ಹುತ್ತರಿ ಹಬ್ಬದ ಖರ್ಚು, ಎಲ್ಲಾ ಅಲ್ಲಿಗೇ. ಅಂಗಡಿಯಿಂದ ಮನೆಗೆ ಒಯ್ದ ಪುಡಿಯನ್ನೂ ಅಸಲಿನ ಬೆಲೆಗೆ ಅಲ್ಲೇ ಬರೆಯಿರಿ, ಇಲ್ಲದಿದ್ದರೆ ಸ್ಟಾಕ್ ತಾಳೆ ಆಗುವುದಿಲ್ಲ.

## ತೋಟವೂ ಇರುವವರಿಗೆ

ನಮ್ಮದೇ ತೋಟದ ಕಾಫಿ ಅಂಗಡಿಗೆ ಬರುತ್ತೆ, ಹೊರಗಿನದೂ ಕೊಳ್ತೀವಿ. ಒಂದೇ ಲೆಡ್ಜರ್ ಇಟ್ರೆ ಏನು ತೊಂದರೆ?

ಇಲ್ಲಿ ಒಡೆಯಲೇಬೇಕು. ಸರಕು ಒಂದೇ ಥರ ಕಂಡರೂ ತೆರಿಗೆ ಕಾನೂನು ಎರಡನ್ನೂ ಬೇರೆಯಾಗಿ ನೋಡುತ್ತದೆ. 1962ರ ಆದಾಯ ತೆರಿಗೆ ನಿಯಮಗಳ 7ಬಿ ನಿಯಮದ ಪ್ರಕಾರ, ತಾನೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದ ಕಾಫಿಯ ಆದಾಯದಲ್ಲಿ ಶೇ. 25 ವ್ಯಾಪಾರದ ಆದಾಯ, ಉಳಿದದ್ದು ಕೃಷಿ ಆದಾಯ. ತಾನೇ ಬೆಳೆದು, ಕ್ಯೂರಿಂಗ್ ಮಾಡಿ, ಹುರಿದು, ಪುಡಿ ಮಾಡಿ ಮಾರಿದರೆ ಶೇ. 40 ವ್ಯಾಪಾರದ ಆದಾಯ. ಚಿಕೋರಿ ಸೇರಿಸಿದರೂ ಅದೇ. ಹೊರಗಿನಿಂದ ಕೊಂಡು ಹುರಿದು ಮಾರಿದ ಕಾಫಿಯ ಲಾಭ ಮಾತ್ರ ಪೂರ್ತಿ ವ್ಯಾಪಾರದ ಆದಾಯ. ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಈಗಿನ ನಿಯಮದ ಸಂಖ್ಯೆಯನ್ನು ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಎರಡೂ ಬೆರೆತು ಒಂದೇ ಲೆಡ್ಜರಿನಲ್ಲಿದ್ದರೆ ಯಾವ ಲಾಭ ಯಾವುದರದ್ದು ಅಂತ ತೋರಿಸಲು ಆಗುವುದಿಲ್ಲ. ಹಾಗಾಗಿ ‘ಸ್ವಂತ ತೋಟದ ಪುಡಿ ಮಾರಾಟ’, ‘ಕೊಂಡ ಕಾಫಿಯ ಪುಡಿ ಮಾರಾಟ’ ಅಂತ ಎರಡು ಮಾರಾಟದ ಲೆಡ್ಜರ್ ಮಾಡಿ. ಸ್ಟಾಕ್ ಐಟಂಗಳನ್ನೂ ಬೇರೆ ಮಾಡಿ. ತೋಟದ ಗೊಬ್ಬರ, ಔಷಧಿ, ಆಳುಗಳ ಕೂಲಿ, ಕ್ಯೂರಿಂಗ್ ಚಾರ್ಜ್ ಲೆಡ್ಜರುಗಳಿಗೆ ‘ತೋಟ’ ಅಂತ ನಾಲ್ಕನೇ ಕಾಸ್ಟ್ ಸೆಂಟರ್ ಕೊಡಿ. ಅಂಗಡಿಯಲ್ಲೂ ಡ್ರಮ್ಮಿಗೆ ಹಾಕುವಾಗ ಎರಡನ್ನೂ ಬೆರೆಸಿದರೆ ಎಷ್ಟೆಷ್ಟು ಕಿಲೋ ಅಂತ ಆ ದಿನವೇ ಚೀಟಿ ಬರೆದಿಡಬೇಕು. ಸಾಫ್ಟ್‌ವೇರಿಗೆ ಅದು ತಾನಾಗಿ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯವನ್ನು ಪಟ್ಟಿ ಶುರು ಮಾಡುವ ಮೊದಲೇ ಕೇಳಿ. ತೋಟ ಯಾರ ಹೆಸರಲ್ಲಿದೆ, ಅಂಗಡಿ ಯಾರ ಹೆಸರಲ್ಲಿದೆ? ನಿಯಮ ಹೇಳುವುದು ‘ಮಾರುವವನೇ ಬೆಳೆದದ್ದು’ ಅಂತ. ತೋಟ ಗಂಡನದು, ಅಂಗಡಿಯ ಲೈಸೆನ್ಸು ಹೆಂಡತಿಯದು ಆಗಿದ್ದರೆ ಬೆಳೆದವರೂ ಮಾರಿದವರೂ ಬೇರೆ ಬೇರೆ. ಆಗ ಎರಡು ಕಂಪನಿ ಬೇಕು, ತೋಟ ಅಂಗಡಿಗೆ ಬಿಲ್ ಮಾಡಿ ಮಾರಬೇಕು. ಒಂದು ಮನೆಯ ಪುಸ್ತಕದಲ್ಲಿ ಇಷ್ಟು ವರ್ಷ ಎರಡೂ ಒಂದರಲ್ಲೇ ಇತ್ತು ಅನ್ನುವುದು ಇದಕ್ಕೆ ಉತ್ತರ ಆಗುವುದಿಲ್ಲ.

ಆಳುಗಳಿಗೆ ಮುಂಗಡ ಕೊಟ್ಟದ್ದನ್ನ ಕೂಲಿ ಖರ್ಚಿಗೇ ಹಾಕ್ಬಹುದಾ?

ಹಾಕಬೇಡಿ. ಕೆಲಸ ಮಾಡುವ ಮೊದಲು ಕೊಟ್ಟದ್ದು ನಿಮಗೆ ಬರಬೇಕಾದ ದುಡ್ಡು. `Loans & Advances (Asset)` ಅಡಿಯಲ್ಲಿ ‘ಆಳುಗಳ ಮುಂಗಡ’ ಇರಲಿ. ವಾರದ ಬಟವಾಡೆಯಲ್ಲಿ ಚೆಕ್‌ರೋಲ್ ಪ್ರಕಾರ ಪೂರ್ತಿ ಕೂಲಿಯನ್ನು ಖರ್ಚಿಗೆ ಹಾಕಿ, ಅದರಲ್ಲಿ ಮುರಿದುಕೊಂಡದ್ದನ್ನು ಮುಂಗಡಕ್ಕೆ ಜಮಾ ಮಾಡಿ. ಹತ್ತು ಜನರ ಒಳಗಾದರೆ ಒಬ್ಬೊಬ್ಬರಿಗೆ ಒಂದು ಲೆಡ್ಜರ್ ಮಾಡಬಹುದು. ಕೊಯ್ಲಿನ ಕಾಲಕ್ಕೆ ಮಾತ್ರ ಬಂದು ಹೋಗುವವರಿಗೆ ಒಟ್ಟು ಒಂದೇ ಲೆಡ್ಜರ್ ಇಟ್ಟು, ಹೆಸರುವಾರು ವಿವರ ಚೆಕ್‌ರೋಲಿನಲ್ಲೇ ಇರಲಿ.

## ಪುಸ್ತಕದಿಂದ ದಾಟುವಾಗ

ಓಪನಿಂಗ್ ಬ್ಯಾಲೆನ್ಸ್ ಎಲ್ಲಾ ಹಾಕಿದ ಮೇಲೂ `Difference in opening balances` ಅಂತ ತೋರಿಸುತ್ತೆ. ಏನು ಮಾಡೋದು?

ಮೊದಲು, ಆ ವ್ಯತ್ಯಾಸವನ್ನು ಲೆಕ್ಕ ಸಿಗದ ಮೊತ್ತ ಇಡುವ `Suspense A/c`ಗೆ ತಳ್ಳಿ ಮುಂದೆ ಹೋಗಬೇಡಿ. ಅಲ್ಲಿ ಹೋದದ್ದು ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ನಮ್ಮ ಅಂಗಡಿಯ ಏಪ್ರಿಲ್ 1ರ ಲೆಕ್ಕ ಹೀಗಿದೆ ಅಂತ ಇಟ್ಟುಕೊಳ್ಳಿ:

```
ನಗದು              18,400    ಬ್ಯಾಂಕ್ ಸಾಲ      2,90,000
ಬ್ಯಾಂಕ್          2,35,600    ಕೊಡಬೇಕಾದದ್ದು   1,15,000
ಸ್ಟಾಕ್           4,10,000    ಅತಿಥಿಗಳ ಮುಂಗಡ    25,000
ಬರಬೇಕಾದದ್ದು       62,000    ಜಿಎಸ್‌ಟಿ ಬಾಕಿ      10,000
ಹುರಿಯುವ ಮಿಷನ್   3,80,000    ಬಂಡವಾಳ          6,80,000
ವಿದ್ಯುತ್ ಡಿಪಾಸಿಟ್   14,000
ಒಟ್ಟು           11,20,000                   11,20,000
```

ಎಡಗಡೆಯ ಒಟ್ಟಿನಿಂದ ಸಾಲ, ಬಾಕಿಗಳ 4,40,000 ಕಳೆದರೆ ಬರುವುದೇ ಬಂಡವಾಳ. ಇದನ್ನು ಟೈಪ್ ಮಾಡುವ ಮೊದಲು ಕಾಗದದ ಮೇಲೆ ತಾಳೆ ಮಾಡಿಕೊಳ್ಳಿ. ಆಗ ಸ್ಕ್ರೀನಿನಲ್ಲಿ ವ್ಯತ್ಯಾಸ ಬಂದರೆ ಅದು ಟೈಪಿಂಗ್ ತಪ್ಪೇ ಅಂತ ಖಾತ್ರಿ ಇರುತ್ತದೆ.

ಈಗ ವ್ಯತ್ಯಾಸದ ಅಂಕಿಯನ್ನೇ ನೋಡಿ. 36,000 ಅಂತ ತೋರಿಸಿದರೆ ಅದನ್ನು 9ರಿಂದ ಭಾಗಿಸಿ. ಶೇಷ ಇಲ್ಲದೆ 4,000 ಬಂತು. ಎರಡು ಅಂಕಿ ಅದಲು ಬದಲಾದಾಗ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಹುಡುಕಿದರೆ ಬರಬೇಕಾದ 62,000 ಬದಲು 26,000 ಅಂತ ಬಿದ್ದಿರುತ್ತದೆ. ವ್ಯತ್ಯಾಸ 28,000 ಆಗಿದ್ದರೆ ಅದು 9ರಿಂದ ಭಾಗವಾಗುವುದಿಲ್ಲ. ಅರ್ಧ ಮಾಡಿ, 14,000. ವಿದ್ಯುತ್ ಡಿಪಾಸಿಟ್ಟನ್ನು ಡೆಬಿಟ್ ಬದಲು ಕ್ರೆಡಿಟ್ ಕಡೆ ಹಾಕಿದ್ದೀರಿ. ತಪ್ಪು ಕಡೆ ಬಿದ್ದ ಮೊತ್ತ ಎರಡರಷ್ಟಾಗಿ ಕಾಣುತ್ತದೆ. ವ್ಯತ್ಯಾಸ ಒಂದು ಲೆಡ್ಜರಿನ ಮೊತ್ತಕ್ಕೇ ಸಮ ಇದ್ದರೆ ಆ ಲೆಡ್ಜರ್ ಬಿಟ್ಟೇ ಹೋಗಿದೆ. ಸ್ಟಾಕ್ ಬಿಟ್ಟು ಹೋಗುವುದೇ ಹೆಚ್ಚು. ಸ್ಟಾಕಿನ ಲೆಕ್ಕವನ್ನು ಖಾತೆಗಳ ಜೊತೆ ಸೇರಿಸಿ ಇಟ್ಟಿದ್ದರೆ ಅದರ ಓಪನಿಂಗ್ ಲೆಡ್ಜರಿನಿಂದ ಬರುವುದಿಲ್ಲ, ಒಂದೊಂದು ಸ್ಟಾಕ್ ಐಟಂನಲ್ಲಿ ಕಿಲೋ ಮತ್ತು ದರ ಹಾಕಬೇಕು.

ಮಿಷನ್, ಕಂಪ್ಯೂಟರ್, ಮಂಚ ಎಲ್ಲಾ ‘ಆಸ್ತಿ’ ಅಂತ ಒಂದೇ ಲೆಡ್ಜರಿನಲ್ಲಿ ಇಡಬಹುದಾ?

ಸವಕಳಿ ದರ ಬೇರೆ ಇರುವಷ್ಟು ಲೆಡ್ಜರ್ ಬೇಕು. ಆದಾಯ ತೆರಿಗೆಯ ಲೆಕ್ಕದಲ್ಲಿ ಮಂಚ ಕುರ್ಚಿಯಂಥ ಪೀಠೋಪಕರಣಕ್ಕೆ ಶೇ. 10, ಮಿಷನ್ನುಗಳಿಗೆ ಸಾಮಾನ್ಯವಾಗಿ ಶೇ. 15, ಕಂಪ್ಯೂಟರಿಗೆ ಶೇ. 40. ಮೂರು ಲೆಡ್ಜರ್ ಸಾಕು. ಯಾವ ಮಂಚ ಯಾವ ಕೋಣೆಯಲ್ಲಿ ಅನ್ನುವುದಕ್ಕೆ ಒಂದು ಬೇರೆ ಪಟ್ಟಿ ಇಟ್ಟುಕೊಳ್ಳಿ.

ವರ್ಷದ ಮಧ್ಯದಲ್ಲಿ ಲೆಡ್ಜರ್ ಹೆಸರು, ಗ್ರೂಪ್ ಬದಲಾಯಿಸಿದ್ರೆ ಹಳೇದು ಹಾಳಾಗುತ್ತಾ?

ನಮೂದುಗಳು ಹಾಳಾಗುವುದಿಲ್ಲ, ಆದರೆ ಹಳೆಯ ವರದಿಗಳೂ ಬದಲಾಗುತ್ತವೆ. ಇವತ್ತು ‘ಡೀಸೆಲ್’ ಲೆಡ್ಜರನ್ನು `Direct Expenses`ನಿಂದ `Indirect Expenses`ಗೆ ಸರಿಸಿದರೆ ಇದೇ ಡೇಟಾದಲ್ಲಿರುವ ಹೋದ ವರ್ಷದ ಗ್ರಾಸ್ ಲಾಭವೂ ಬದಲಾಗಿ ಕಾಣುತ್ತದೆ. ಆಡಿಟರ್ ಸಹಿ ಮಾಡಿದ ಕಾಗದದಲ್ಲಿ ಒಂದು ಅಂಕಿ, ಸ್ಕ್ರೀನಿನಲ್ಲಿ ಇನ್ನೊಂದು. ಬ್ಯಾಂಕಿಗೆ ಸಾಲಕ್ಕೆ ಹೋದಾಗ ಇದು ತಲೆನೋವಾಗುತ್ತದೆ. ಹಾಗಾಗಿ ಗ್ರೂಪ್ ತಪ್ಪಾಗಿದ್ದರೆ ಅದೇ ವರ್ಷದ ಒಳಗೆ, ರಿಟರ್ನ್ ಹಾಕುವ ಮೊದಲು ಸರಿ ಮಾಡಿ. ವರ್ಷ ದಾಟಿದ್ದರೆ ಏಪ್ರಿಲ್ 1ರಿಂದ ಹೊಸ ಲೆಡ್ಜರ್ ತೆರೆಯಿರಿ. ಹಳೆಯದರ ಹೆಸರಿನ ಶುರುವಿಗೆ `ZZ` ಅಂತ ಸೇರಿಸಿ. ಹಳೆಯದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ, ಕೈತಪ್ಪಿ ಯಾರೂ ಆರಿಸುವುದಿಲ್ಲ. ನಮೂದು ಇರುವ ಲೆಡ್ಜರನ್ನು ಅಳಿಸಲು ಟ್ಯಾಲಿಯೇ ಬಿಡುವುದಿಲ್ಲ.

ಹಳೆ ಪುಸ್ತಕ ಬರೆಯೋದನ್ನ ಯಾವಾಗ ನಿಲ್ಲಿಸಬಹುದು?

ಒಂದು ಪೂರ್ತಿ ತಿಂಗಳು ಎರಡನ್ನೂ ಬರೆಯಿರಿ. ಏಪ್ರಿಲ್ 30ರ ಸಂಜೆ ಗಲ್ಲಾದ ನಗದು ಎಣಿಸಿ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ, ಬರಬೇಕಾದವರ ಪಟ್ಟಿ ನೋಡಿ. ಈ ಮೂರೂ ಪುಸ್ತಕದಲ್ಲಿ, ಟ್ಯಾಲಿಯಲ್ಲಿ, ಕೈಯಲ್ಲಿ ಒಂದೇ ಇದ್ದರೆ ಮೇ 1ರಿಂದ ಪುಸ್ತಕ ನಿಲ್ಲಿಸಿ. ನಗದು ತಾಳೆ ಆಗದಿದ್ದರೆ ಇನ್ನೊಂದು ತಿಂಗಳು. ನಾನು ಹೇಳಿದ ಆ ಹಿರಿಯ ರೈಟರ್ ಎರಡನೇ ತಿಂಗಳೂ ಬರೆದರು. ನಗದಿನಲ್ಲಿ 350 ರೂಪಾಯಿ ವ್ಯತ್ಯಾಸ ಇತ್ತು, ಟ್ಯಾಲಿಯಲ್ಲಿ ಒಂದು ಸೌದೆ ಚೀಟಿ ಬಿಟ್ಟು ಹೋಗಿತ್ತು. ಅವರ ಪುಸ್ತಕದಲ್ಲಿ ಅದು ಇತ್ತು.